ಗಿರಣಿ ಕಾಂತಮ್ಮ ಟೀಕೆ ಓದಿದ್ದು

ಕೊಡ್ಲಿಪೇಟೆ ಕಡೆಯ ಆ ಊರಿನಲ್ಲಿ ಕಾಂತಮ್ಮ ಎಂದರೆ ಯಾವ ಕಾಂತಮ್ಮ ಎಂದು ಕೇಳುತ್ತಾರೆ. ಗಿರಣಿ ಕಾಂತಮ್ಮ ಎಂದರೆ ಸಾಕು, ಮನೆ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಅರಕಲಗೂಡು ಸೀಮೆಯಿಂದ ಸೊಸೆಯಾಗಿ ಬಂದವಳು, ಬಂದ ವರ್ಷವೇ ಗಂಡ ಮಲ್ಲೇಶಪ್ಪನ ಹಿಟ್ಟಿನ ಗಿರಣಿಯಲ್ಲಿ ನಿಂತಳು. ಮಲ್ಲೇಶಪ್ಪನಿಗೆ ಹಿಟ್ಟಿನ ಧೂಳು ಒಗ್ಗುತ್ತಿರಲಿಲ್ಲ, ಮಾತು ಮಾತ್ರ ಚೆನ್ನಾಗಿ ಒಗ್ಗುತ್ತಿತ್ತು. ಹಾಗಾಗಿ ಅವನು ಹೊರಗೆ ಜಗಲಿಯಲ್ಲಿ ಕೂತು ಊರಿನ ಸುದ್ದಿ ಬೀಸುತ್ತಿದ್ದ, ಇವಳು ಒಳಗೆ ರಾಗಿ ಬೀಸುತ್ತಿದ್ದಳು. ಈಗಲೂ ಹಾಗೆಯೇ ನಡೆದಿದೆ.

ಗಿರಣಿಯ ಪಕ್ಕದ ಗೋಡೆಯೇ ಮಠದ ಸಂಜೆ ಪಾಠಶಾಲೆಯದು. ಯಂತ್ರ ಓಡುವಾಗ ಏನೂ ಕೇಳಿಸುವುದಿಲ್ಲ. ಆದರೆ ನಮ್ಮ ಕಡೆಯ ಕರೆಂಟಿನ ಗುಣ ನಿಮಗೆ ಗೊತ್ತಲ್ಲ, ಮಳೆಗಾಲದಲ್ಲಿ ಒಂದು ಗುಡುಗಿಗೆ ಹೋಗಿ ಕೂತರೆ ಮಾರನೆಯ ದಿನ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಕರೆಂಟು ಹೋದಾಗಲೆಲ್ಲ ಗೋಡೆಯ ಆಚೆಯಿಂದ ಮರುಳಸಿದ್ದಪ್ಪ ಮೇಷ್ಟ್ರು ಮಕ್ಕಳಿಗೆ ಸಂಸ್ಕೃತ ಹೇಳಿಕೊಡುವುದು ಕೇಳುತ್ತಿತ್ತು. ರಾಮಃ ರಾಮೌ ರಾಮಾಃ ಎನ್ನುವುದನ್ನು ಕಾಂತಮ್ಮ ರಾಗಿ ಚೀಲಕ್ಕೆ ಒರಗಿಕೊಂಡೇ ಬಾಯಿಪಾಠ ಮಾಡಿದಳು. ಒಂದು ದಿನ ಯಾವನೋ ಹುಡುಗ ತಪ್ಪು ಹೇಳಿದಾಗ ಇವಳು ಗೋಡೆ ಈಚೆಯಿಂದಲೇ ತಿದ್ದಿದಳು. ಮೇಷ್ಟ್ರು ಎದ್ದು ಬಂದು ಗಿರಣಿ ಬಾಗಿಲಲ್ಲಿ ನಿಂತು, "ಗೋಡೆಗೆ ಯಾಕಮ್ಮ ಪಾಠ ಹೇಳ್ತೀಯ, ಒಳಗ್ ಬಾ" ಎಂದರು. ಅಂದಿನಿಂದ ಅವಳು ಸೀರೆಯ ಹಿಟ್ಟು ಕೊಡವಿಕೊಂಡು ಮಕ್ಕಳ ಹಿಂದೆ ಚಾಪೆಯ ಮೇಲೆ ಕೂರತೊಡಗಿದಳು. ಊರು ನಕ್ಕಿತು. ಹಿತ್ತಲ ಗಿಡ ಮದ್ದಲ್ಲ ತಾನೇ. ನಕ್ಕು ಸುಸ್ತಾದ ಮೇಲೆ ಸುಮ್ಮನಾಯಿತು.

ವರ್ಷಗಳು ಹೋದವು. ಮೇಷ್ಟ್ರ ಕಣ್ಣು ಮಂಜಾಯಿತು. ಆಪರೇಷನ್ ಆದರೂ ಸಣ್ಣಕ್ಷರ ಕಾಣುವುದಿಲ್ಲ. ಈಚೆಗೆ ಚಿಕ್ಕ ಮಕ್ಕಳ ಪಾಠವನ್ನೆಲ್ಲ ಕಾಂತಮ್ಮನೇ ನೋಡಿಕೊಳ್ಳುತ್ತಿದ್ದಳು. ಗೌಡರ ಮನೆಯ ಅರೆಭಾಷೆ ಮಕ್ಕಳು, ಎಸ್ಟೇಟ್ ಕೂಲಿಯವರ ಲೈನ್ ಮನೆಗಳ ತಮಿಳು ಮಕ್ಕಳು, ಬೇಕರಿಯವರ ಮಲಯಾಳಿ ಹುಡುಗಿ, ಜೊತೆಗೆ ಇವಳ ಮೊಮ್ಮಗಳು ಧನುಶ್ರೀ, ಎಲ್ಲರೂ ಸೇರಿ ಒಂದು ಸಂತೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು, ಇಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ತಪ್ಪು ಮಾಡುತ್ತಿದ್ದುದು ಸಂಸ್ಕೃತದಲ್ಲಿ. ಆ ಗದ್ದಲದಲ್ಲಿ ಕೂತಾಗ ಕಾಂತಮ್ಮನಿಗೆ ತಾನು ಹುಟ್ಟಿದ್ದೇ ಇದಕ್ಕೆ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಆದರೆ ಇಲ್ಲಿ ಮೇಷ್ಟ್ರಾಗುವ ಆಸೆ ಅವಳಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತ್ತು.

ಯುಗಾದಿ ಕಳೆದ ಮೇಲೆ ಮೇಷ್ಟ್ರು ಇನ್ನು ತಮ್ಮಿಂದ ಆಗದು ಎಂದುಬಿಟ್ಟರು. ಪಾಠಶಾಲೆ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಮಂಜೇಶ್, ಕಾಫಿ ಮೆಣಸಿನ ವ್ಯಾಪಾರದವನು, ಒಳ್ಳೆಯ ಹುಡುಗ, ಸೀದಾ ಗಿರಣಿಗೆ ಬಂದ. "ಕಾಂತಕ್ಕ, ಹೊರಗಿನಿಂದ ಯಾರೂ ಈ ಮೂಲೆಗೆ ಬರಲ್ಲ. ನೀವು ಒಪ್ಕೊಂಡ್ರೆ ಪಾಠಶಾಲೆ ಉಳಿಯುತ್ತೆ. ಇಲ್ಲಾಂದ್ರೆ ಆ ರೂಮನ್ನ ಗೋಡೌನ್ ಮಾಡೋಣ ಅಂತ ಕಮಿಟೀಲಿ ಆಗ್ಲೇ ಮಾತಿದೆ" ಎಂದ. ಕಾಂತಮ್ಮ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು. ಮೆಲ್ಲಗೆ ತಲೆಯಾಡಿಸಿದಳು.

ಆದರೆ ಪಾಠಶಾಲೆಗೊಂದು ಪದ್ಧತಿ ಇತ್ತು. ಅದನ್ನು ಕಟ್ಟಿದ ಹಿಂದಿನ ಸ್ವಾಮಿಗಳು ಗುರುವಿನ ಬಗ್ಗೆ ಒಂದು ಶ್ಲೋಕ ಬರೆದಿದ್ದರು, ಅವರ ಶಿಷ್ಯರೊಬ್ಬರು ಅದಕ್ಕೆ ಸಂಸ್ಕೃತದಲ್ಲೇ ಟೀಕೆ, ಅಂದರೆ ವಿವರಣೆ, ಬರೆದಿದ್ದರು. ಹೊಸ ಮೇಷ್ಟ್ರಾಗುವವರು ಮಠದ ಗುರುಪೀಠವಾದ ಗಾದಿಯ ಮುಂದೆ ಆ ಶ್ಲೋಕವನ್ನೂ ಟೀಕೆಯನ್ನೂ ಓದಿ, ಕನ್ನಡದಲ್ಲಿ ಅರ್ಥ ಹೇಳಿ, "ಇದರಂತೆ ನಡೆಯುತ್ತೇನೆ" ಎನ್ನಬೇಕು. ಆಮೇಲೆಯೇ ಮೇಷ್ಟ್ರ ಚಾಪೆ. ಮರುಳಸಿದ್ದಪ್ಪನವರು ಓದಿದ್ದು ಕಾಂತಮ್ಮ ಈ ಊರಿಗೆ ಬರುವ ಮುಂಚೆ. ಹಾಗಾಗಿ ಶ್ಲೋಕ ಎಲ್ಲರಿಗೂ ಬಾಯಲ್ಲಿತ್ತು, ಟೀಕೆಯನ್ನು ಕಂಡವರು ಕಡಿಮೆ.

ಮಂಜೇಶ್ ಮಠದ ಬೀರುವಿನಿಂದ ಹಳೆಯ ಅಚ್ಚಿನ ತೆಳು ಪುಸ್ತಕ ತಂದುಕೊಟ್ಟ. ಕನ್ನಡ ಲಿಪಿ, ಸಂಸ್ಕೃತ ಭಾಷೆ. ಮಧ್ಯಾಹ್ನ ಗಿರಣಿಗೆ ಜನ ಕಡಿಮೆ ಇದ್ದಾಗ ಕಾಂತಮ್ಮ ಕನ್ನಡಕ ಏರಿಸಿ ಕೂತಳು. ಮೊದಲಿಗೆ ಶ್ಲೋಕ:

ವೀತರಾಗೋ ದಯಾಯುಕ್ತೋ ಯಃ ಪಾಠಯತಿ ಬಾಲಕಾನ್ |
ತಸ್ಯ ವಿದ್ಯಾ ಶಿಖೇವ ಸ್ಯಾದ್ ದೀಪಾದ್ ದೀಪಾಂತರಂ ಗತಾ ||

ಅದರ ಅರ್ಥ ಅವಳಿಗೆ ನೀರು ಕುಡಿದಷ್ಟು ಸುಲಭ. ಆಸೆ ಅಂಟದವನಾಗಿ, ದಯೆಯುಳ್ಳವನಾಗಿ ಯಾವನು ಮಕ್ಕಳಿಗೆ ಕಲಿಸುತ್ತಾನೋ, ಅವನ ವಿದ್ಯೆ ಒಂದು ದೀಪದಿಂದ ಇನ್ನೊಂದು ದೀಪಕ್ಕೆ ಹೋದ ಕುಡಿಯಂತೆ ಆಗುತ್ತದೆ. ಅದರ ಕೆಳಗೆ ಟೀಕೆ. ಪ್ಯಾರಾ ಇಲ್ಲ, ಅಲ್ಪವಿರಾಮ ಇಲ್ಲ, ಒಂದೇ ಉಸಿರಿನಲ್ಲಿ ಅಚ್ಚಾಗಿತ್ತು. ಕಾಂತಮ್ಮ ಶಾಲೆಯ ಗೈಡುಗಳಲ್ಲಿ ಅರ್ಥ ಕಲಿತವಳು, ಮೊಮ್ಮಗಳಿಗೂ ಗೈಡಿನಿಂದಲೇ ಹೇಳಿಕೊಟ್ಟವಳು. ಗೈಡಿನಲ್ಲಿ ಮೊದಲು ಪದದ ಅರ್ಥ, ಆಮೇಲೆ ವ್ಯಾಕರಣ, ಅದು ಮುಗಿದ ತಕ್ಷಣ ಭಾವಾರ್ಥ. ಇಲ್ಲೂ ಹಾಗೆಯೇ ಇರುತ್ತದೆ ಎಂದುಕೊಂಡಳು. "ವೀತರಾಗ" ಎಂಬ ಪದ ಸಿಕ್ಕಿತು, ಅದರ ಸಮಾಸ ಸಿಕ್ಕಿತು, "ರಾಗ ಎಂದರೆ ಆಸಕ್ತಿ" ಎಂಬ ಅರ್ಥ ಸಿಕ್ಕಿತು. ಇನ್ನು ಭಾವಾರ್ಥ ಎಂದು ಮುಂದಕ್ಕೆ ಬೆರಳಿಟ್ಟರೆ ಸಿಕ್ಕಿದ್ದು: ಮನೆ ಬಿಟ್ಟವನೇ ವೀತರಾಗ, ಆದ್ದರಿಂದ ಗೃಹಸ್ಥ ಪಾಠ ಹೇಳಬಾರದು.

ಅವಳ ಬೆರಳು ಅಲ್ಲೇ ನಿಂತಿತು. ಸ್ವಾಮಿಗಳ ಶಿಷ್ಯರೇ ಬರೆದಿದ್ದಾರೆ. ಮರುಳಸಿದ್ದಪ್ಪ ಮೇಷ್ಟ್ರು ಮದುವೆಯಾಗಲಿಲ್ಲ, ಅವರ ಹಿಂದಿನವರೂ ಸಂಸಾರ ಮಾಡಿದವರಲ್ಲ. ತಾನೋ ಗಂಡ, ಮಗ, ಸೊಸೆ, ಮೊಮ್ಮಗಳು, ಗಿರಣಿ, ಎರಡು ಹಸು ಕಟ್ಟಿಕೊಂಡವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ತನ್ನ ತಾಳಿ ಮುಟ್ಟಿಕೊಂಡಳು. ಪುಸ್ತಕ ಮುಚ್ಚಿದಳು. ಅಳು ಬಂತು, ಅತ್ತಳು. ಹಿಟ್ಟು ಕಣ್ಣಿಗೆ ಬಿತ್ತು ಎಂದು ಸೊಸೆ ಶರ್ಮಿಳಾಗೆ ಹೇಳಿದಳು.

ಶರ್ಮಿಳಾ ದಡ್ಡಿಯಲ್ಲ. "ಗಿರಣಿ ಆಫ್ ಆಗಿದೆ ಅತ್ತೆ, ಯಾವ ಹಿಟ್ಟು?" ಎಂದಳು. ಕಾಂತಮ್ಮ ಮಂಜೇಶನಿಗೆ ಫೋನ್ ಮಾಡಿ, "ನನ್ ಕೈಲಾಗಲ್ಲ ಕಣಪ್ಪ, ಬೇರೆ ನೋಡ್ಕೊಳ್ಳಿ" ಎಂದಳು. ಅವನು ಏಕೆ ಎಂದು ಕೇಳಿದ. ಟೀಕೆಯಲ್ಲಿ ಹೀಗಿದೆ ಎಂದಳು. ಮಂಜೇಶನಿಗೆ ಸಂಸ್ಕೃತ ಬಾರದು. ಅವನು, "ಹೌದಾ ಅಕ್ಕ... ನಮ್ಮಜ್ಜನೂ ಹಂಗೇನೋ ಹೇಳ್ತಿದ್ರು, ಸಂಸಾರಿಗಳು ಹೇಳಬಾರದಂತೆ ಅಂತ. ಸ್ವಾಮಿಗಳ ಮಾತು ಮೀರೋಕಾಗಲ್ಲ, ಏನ್ ಮಾಡೋದು" ಎಂದು ಫೋನ್ ಇಟ್ಟ. ಸಂಜೆಯ ಹೊತ್ತಿಗೆ ಗೋಡೌನಿನ ಮಾತು ಊರಿಡೀ ಹಬ್ಬಿತ್ತು. ಕೆಟ್ಟ ಸುದ್ದಿಗೆ ನಮ್ಮೂರಲ್ಲಿ ಯಾವತ್ತೂ ನೆಟ್‌ವರ್ಕ್ ಪ್ರಾಬ್ಲಂ ಬಂದಿದ್ದಿಲ್ಲ.

ಮರುದಿನ ಬೆಳಿಗ್ಗೆ ಅವಳು ಪುಸ್ತಕ ಹಿಂದಿರುಗಿಸಲು ಮೇಷ್ಟ್ರ ಕೋಣೆಗೆ ಹೋದಳು. ಮಠದ ಹಿಂಬದಿಯ ಸಣ್ಣ ಕೋಣೆ ಅದು. ಅವರು ಹೊರಗೆ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು, ಯಾರೋ ಕೊಟ್ಟ ಕಿತ್ತಳೆ ಸುಲಿಯುತ್ತಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು.

"ಶರಣು ಮೇಷ್ಟ್ರೇ. ಪುಸ್ತಕ ತಗೊಳ್ಳಿ. ನಂಗೆ ಪ್ರಾಪ್ತಿ ಇಲ್ಲ" ಎಂದಳು.

"ಅದನ್ನ ಯಾರು ಹೇಳಿದ್ದು?"

"ಟೀಕೇಲಿದೆ."

"ಟೀಕೇಲಿ ಯಾರು ಹೇಳಿದ್ದು ಅಂತ ಕೇಳಿದೆ."

ಕಾಂತಮ್ಮನಿಗೆ ಸಿಟ್ಟು ಬಂತು. ಮೊದಲೇ ಬೆಂದಿದ್ದಳು. "ಟೀಕೇಲಿ ಟೀಕಾಕಾರರಲ್ದೆ ಇನ್ಯಾರು ಹೇಳ್ತಾರೆ? ನಮ್ ಯಜಮಾನ್ರು ಬಂದು ಹೇಳ್ತಾರಾ?"

ಮೇಷ್ಟ್ರು ನಕ್ಕರು. ಒಂದು ತೊಳೆ ಅವಳ ಕೈಗಿಟ್ಟು, ಮೆಟ್ಟಿಲ ಮೇಲೆ ಕೂರಲು ಹೇಳಿದರು. "ತಪ್ಪು ನಂದು ಕಣಮ್ಮ. ಟೀಕೆನೆಲ್ಲ ನಾನೇ ಓದಿ ನಿಮಗೆ ಸಾರ ಹೇಳ್ಬಿಡ್ತಿದ್ದೆ. ಊಟ ಬಡಿಸಿದೆ, ಅಡುಗೆ ಕಲಿಸಲಿಲ್ಲ. ಈಗ ಓದು. ನಿಧಾನಕ್ಕೆ ಓದು. ನಂಗೆ ಕಣ್ಣು ಕಾಣಲ್ಲ, ಕಿವಿ ಕೇಳುತ್ತೆ."

ಅವಳು ಒಲ್ಲದ ಮನಸ್ಸಿನಿಂದ ತೆರೆದು ಓದಿದಳು. "ವೀತರಾಗ ಇತಿ."

"ನಿಲ್ಸು. ಇದು ಯಾರ ಮಾತು?"

"ಶ್ಲೋಕದ್ದು. ಶ್ಲೋಕದ ಪದ."

"ಹ್ಞಾಂ. ಶ್ಲೋಕದಿಂದ ಒಂದು ಪದ ಎತ್ಕೊಂಡು ‘ಇತಿ’ ಅಂತ ಇಟ್ಟವ್ರೆ. ಇನ್ಮೇಲೆ ಈ ಪದದ ವಿಚಾರ ಹೇಳ್ತೀನಿ ಅಂತ ಬೆರಳು ತೋರಿಸಿದ ಹಾಗೆ. ಎಲ್ಲ ಪದಾನೂ ಎತ್ಕೊಳ್ಳಲ್ಲ ಅವ್ರು. ಬಾಲಕಾನ್ ಅನ್ನೋದಕ್ಕೆ ಅರ್ಥ ಕೊಟ್ಟಿದ್ದಾರಾ? ಇಲ್ಲ. ಅದು ನಿಂಗೆ ಗೊತ್ತಿರುತ್ತೆ ಅಂತ ಬಿಟ್ಟವ್ರೆ. ಮುಂದೆ."

"ವೀತೋ ರಾಗೋ ಯಸ್ಮಾತ್ ಸ ವೀತರಾಗಃ. ಬಹುವ್ರೀಹಿಃ. ರಾಗ ಆಸಕ್ತಿಃ."

"ಇದು?"

"ಪದ ಬಿಡಿಸಿದ್ದು. ಯಾರಿಂದ ರಾಗ ದೂರ ಹೋಗಿದೆಯೋ ಅವನು ವೀತರಾಗ. ಬಹುವ್ರೀಹಿ ಅನ್ನೋದು ಸಮಾಸದ ಹೆಸರು. ರಾಗ ಅಂದ್ರೆ ಆಸಕ್ತಿ ಅನ್ನೋದು ಪದದ ಅರ್ಥ."

"ಇಲ್ಲೀವರೆಗೆ ಜಗಳ ಇಲ್ಲ. ಯಾರನ್ನೇ ಕೇಳಿದ್ರೂ ಇದನ್ನೇ ಹೇಳ್ತಾರೆ. ಅರ್ಥ, ವ್ಯಾಕರಣ ಎರಡೂ ಸೇರಿ ಬಾಗಿಲು ತೆಗೀತವೆ, ಅಷ್ಟೇ. ಒಳಗೆ ಏನಿದೆ ಅಂತ ಅವು ಹೇಳಲ್ಲ. ಆಸಕ್ತಿ ಇಲ್ದೋನು ಅಂದ್ರೆ ಎಂಥೋನು? ಇಲ್ಲಿಂದ ಮಾತು ಶುರುವಾಗೋದು. ಟೀಕೆ ಅಂದ್ರೆ ಪಂಚಾಯ್ತಿ ಇದ್ದ ಹಾಗೆ ಕಾಂತಮ್ಮ. ಅಲ್ಲಿ ಒಬ್ರೇ ಮಾತಾಡಲ್ಲ. ಕೇಳಿದ ಮೊದಲನೇ ಮಾತನ್ನೇ ತೀರ್ಮಾನ ಅಂತ ಎದ್ದು ಬಂದ್ರೆ ಏನ್ ಗತಿ? ಪ್ರತಿ ವಾಕ್ಯಕ್ಕೂ ಕೇಳ್ಬೇಕು, ಯಾರ ಮಾತು ಇದು ಅಂತ. ಓದು."

ಅವಳಿಗೆ ಆ ಸಾಲು ಮತ್ತೆ ಓದುವುದೇ ಹಿಂಸೆಯಾಗಿತ್ತು. ಆದರೂ ಓದಿದಳು. "ಗೃಹತ್ಯಾಗ್ಯೇವ ವೀತರಾಗೋಽತೋ ಗೃಹಸ್ಥೋ ನ ಪಾಠಯೇದಿತಿ..." ನಿನ್ನೆ ಅವಳ ಬೆರಳು ನಿಂತದ್ದು ಇಲ್ಲೇ. ಗೈಡಿನಲ್ಲಿ ಭಾವಾರ್ಥ ಮುಗಿಯುವುದೂ ಹೀಗೊಂದು ‘ಇತಿ’ಯಿಂದಲೇ. ಅವಳು ಇವತ್ತೂ ನಿಲ್ಲಿಸಿದಳು.

"ಇತಿ ಅಂದ್ಮೇಲೆ ಮುಗೀತು ಅಂದ್ಕೊಂಡ್ಯಾ? ಮಾತು ಮುಗೀತು. ಆಡಿದೋರ ಹೆಸರು ಆಮೇಲೆ ಬರುತ್ತೆ. ಮುಂದಿನ ಪದ ನೋಡು."

"ಕೇಚಿತ್."

ಅಷ್ಟು ಹೇಳಿ ಅವಳು ಆ ಪದವನ್ನು ಮತ್ತೊಮ್ಮೆ ನೋಡಿದಳು. ಕೇಚಿತ್ ಎಂದರೆ ಕೆಲವರು. ಅದು ಅವಳಿಗೆ ಗೊತ್ತಿಲ್ಲದ ಪದವೇನಲ್ಲ, ಮಕ್ಕಳಿಗೆ ಅವಳೇ ಹೇಳಿಕೊಟ್ಟಿದ್ದಳು. ಗೃಹಸ್ಥ ಪಾಠ ಹೇಳಬಾರದು ಎನ್ನುವುದು ಕೆಲವರ ಮಾತು. ಟೀಕಾಕಾರರು ಅದನ್ನು ತಂದು ಇಟ್ಟಿದ್ದರು, ಒಪ್ಪಿದ್ದೇನೆ ಎಂದಿರಲಿಲ್ಲ. ಪಕ್ಕದ ಮನೆಯವರು ಹೀಗೆನ್ನುತ್ತಾರೆ ಎಂದು ಹೇಳಿದ ಮಾತನ್ನು ಹೇಳಿದವನ ಹೆಗಲಿಗೇ ಹಾಕಿ, ರಾತ್ರಿಯೆಲ್ಲ ಮುಖ ಊದಿಸಿಕೊಂಡಿದ್ದಳು ನಮ್ಮ ಕಾಂತಮ್ಮ.

"ಮುಂದೆ ಓದ್ತೀಯಾ, ಇಲ್ಲ ಪುಸ್ತಕ ವಾಪಸ್ ಕೊಡ್ತೀಯಾ?"

ಅವಳು ಗಬಗಬ ಓದಿದಳು. "ತದಸತ್."

"ನಿಧಾನ. ಅದು?"

"ಅದು ಸರಿಯಲ್ಲ. ಇದು... ಇದು ಟೀಕಾಕಾರರ ಮಾತು."

"ಸರಿಯಲ್ಲ ಅಂತ ಸುಮ್ನೆ ಅಂದ್ರೆ ಯಾರೂ ಒಪ್ಪಲ್ಲ. ಕಾರಣ ಕೊಡ್ಬೇಕು. ಕೊಟ್ಟವ್ರಾ ನೋಡು."

"ಗೃಹಂ ತ್ಯಕ್ತ್ವಾಪಿ ಸಕ್ತಾನಾಂ ದರ್ಶನಾತ್. ಮನೆ ಬಿಟ್ಟ ಮೇಲೂ ಆಸೆ ಅಂಟಿಕೊಂಡಿರೋರನ್ನ ಕಾಣ್ತೀವಲ್ಲ, ಅದಕ್ಕೆ."

ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕರು. "ನಾನಿದ್ದೀನಲ್ಲ. ಸಂಸಾರ ಇಲ್ಲ, ಕಿತ್ತಳೆ ಹಣ್ಣು ಕಂಡ್ರೆ ಬಿಡಲ್ಲ. ಸರಿ, ಈಗ ಕೆಲವರ ಮಾತು ಆಯ್ತು, ಅಲ್ಲ ಅಂದಿದ್ದಾಯ್ತು, ಕಾರಣ ಆಯ್ತು. ಇನ್ನೂ ಅವರದೇ ಅರ್ಥ ಬಂದಿಲ್ಲ. ಅದಕ್ಕೂ ಒಂದು ಗುರುತಿರುತ್ತೆ. ಹುಡುಕು."

ಅವಳು ಹುಡುಕಬೇಕಾಗಿರಲಿಲ್ಲ. ಮುಂದಿನ ಪದವೇ ಕಣ್ಣಿಗೆ ಹೊಡೆಯಿತು. "ವಯಂ ತು."

"ನಾವಾದರೋ" ಎಂದರು ಮೇಷ್ಟ್ರು. ಕಣ್ಣು ಮುಚ್ಚಿಕೊಂಡಿದ್ದರು. "ಈಗ ಸಭೇಲಿ ಅವ್ರು ಎದ್ದು ನಿಂತ್ರು ಅಂತ ತಿಳ್ಕೋ. ಈ ತು ಅನ್ನೋದು ಚಿಕ್ಕದು, ಆದ್ರೆ ಹಿಂದಿನ ಮಾತನ್ನೆಲ್ಲ ಪಕ್ಕಕ್ಕೆ ಸರಿಸಿಬಿಡುತ್ತೆ."

ಕಾಂತಮ್ಮ ಓದಿದಳು. "ವಯಂ ತು ಯಸ್ಯ ಶಿಷ್ಯೇಷು ಸ್ವಪರಭೇದೋ ನಾಸ್ತಿ ಸ ಏವ ವೀತರಾಗಃ ಗೃಹೇ ವಾ ವಸತು ವನೇ ವೇತಿ ಬ್ರೂಮಃ." ಓದಿ ಮುಗಿಸಿ, ಮೇಷ್ಟ್ರು ಕೇಳುವ ಮುಂಚೆಯೇ ಅರ್ಥ ಹೇಳಿದಳು. "ನಾವಾದರೋ ಹೇಳುವುದು ಇದು. ಶಿಷ್ಯರಲ್ಲಿ ತನ್ನವರು, ಹೊರಗಿನವರು ಅನ್ನೋ ಭೇದ ಯಾರಿಗಿಲ್ಲವೋ ಅವನೇ ವೀತರಾಗ. ಅವನು ಮನೆಯಲ್ಲಾದರೂ ಇರಲಿ, ಕಾಡಿನಲ್ಲಾದರೂ ಇರಲಿ."

ಅವಳಿಗೆ ಮತ್ತೆ ಅಳು ಬಂತು. ಈ ಸಲ ಹಿಟ್ಟಿನ ಮೇಲೆ ತಪ್ಪು ಹೊರಿಸಲಿಲ್ಲ. ಎಷ್ಟು ವರ್ಷಗಳ ಹಿಂದೆಯೋ ಯಾರೋ ಒಬ್ಬರು ಅವಳ ಸಂಕಟ ಗೊತ್ತಿದ್ದವರ ಹಾಗೆ ಕೂತು ಬರೆದಿದ್ದರು, ಇವಳು ಒಂದು ಪದ ಮುಂಚೆ ಎದ್ದು ಬಂದಿದ್ದಳು. ಸಂತೋಷಕ್ಕೂ ನಾಚಿಕೆಗೂ ಅವಳಿಗೆ ಏನು ಮಾಡಬೇಕೋ ತೋಚದೆ, ಕೈಯಲ್ಲಿದ್ದ ಕಿತ್ತಳೆ ತೊಳೆಯನ್ನು ಬಾಯಿಗೆ ಹಾಕಿಕೊಂಡಳು.

"ನಿಮಗೆ ಇದೆಲ್ಲ ಗೊತ್ತಿತ್ತಲ್ಲ ಮೇಷ್ಟ್ರೇ. ನಿನ್ನೆನೇ ಮಂಜೇಶಂಗೆ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ನಾನು ಹೇಳಿದ್ರೆ ನಿಂಗದು ಇನ್ನೊಬ್ಬ ಕೇಚಿತ್ ಆಗ್ತಿತ್ತು. ನಾಳೆ ಕಮಿಟೀಲಿ ಯಾವನಾದ್ರೂ ಇನ್ನೊಂದು ಸಾಲು ತಂದ್ರೆ ಮತ್ತೆ ಅಳ್ತಾ ಬರ್ತಿದ್ದೆ. ಪಾಠ ಹೇಳೋಳು ನೀನು. ನೀನೇ ಓದ್ಬೇಕು."

ಕಾಂತಮ್ಮ ಮತ್ತೆ ಮಂಜೇಶನಿಗೆ ಫೋನ್ ಮಾಡಿ, ಟೀಕೆಯನ್ನು ಗಾದಿಯ ಮುಂದೆ ಓದಿಯೇ ತೋರಿಸುತ್ತೇನೆ ಎಂದಳು. ಓದುವ ದಿನ ಊರು ಸ್ವಲ್ಪ ಜಾಸ್ತಿಯೇ ಸೇರಿತ್ತು. ಗೋಡೌನಿನ ಸುದ್ದಿ ಜನರನ್ನು ಕರೆದಷ್ಟು ಆಮಂತ್ರಣ ಪತ್ರಿಕೆ ಕರೆಯುವುದಿಲ್ಲ. ಮಲ್ಲೇಶಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. ಲೈನ್ ಮನೆಗಳಿಂದ ಮಕ್ಕಳನ್ನು ಕಳಿಸುವ ತಾಯಂದಿರು ತೋಟದ ಕೆಲಸ ಮುಗಿಸಿ ಬಂದು ಬಾಗಿಲ ಬಳಿ ನಿಂತಿದ್ದರು. ಕಾಂತಮ್ಮ ಪುಸ್ತಕ ಬಿಡಿಸಿ ಓದಿದಳು, ಓದಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದಳು. ಪ್ರತಿ ಮಾತಿಗೂ ಅದು ಯಾರದೆಂದು ಹೇಳಿಯೇ ಮುಂದೆ ಹೋದಳು. ಇದು ಶ್ಲೋಕದ ಪದ. ಇದು ಅದರ ವ್ಯಾಕರಣ. ಇದು ಕೆಲವರು ಹೇಳುವುದು. "ಗೃಹಸ್ಥ ಪಾಠ ಹೇಳಬಾರದು" ಎಂಬಲ್ಲಿಗೆ ಬಂದಾಗ ಕಮಿಟಿಯ ಹಿರಿಯರೊಬ್ಬರು, "ನಾನ್ ಹೇಳ್ಲಿಲ್ವಾ" ಎಂದು ಪಕ್ಕದವರ ಮೊಣಕೈ ತಿವಿದರು. ಮಂಜೇಶ್ ನೆಲ ನೋಡತೊಡಗಿದ. ಕಾಂತಮ್ಮ ನಿಲ್ಲಿಸಲಿಲ್ಲ. ಅದು ಸರಿಯಲ್ಲ, ಎಂದಳು. ಏಕೆಂದರೆ, ಎಂದಳು. ನಾವಾದರೋ, ಎಂದಳು. ಮುಗಿಸುವ ಹೊತ್ತಿಗೆ ಮಂಜೇಶನ ತಲೆ ಮೇಲೆದ್ದಿತ್ತು, ಮೊಣಕೈ ತಿವಿದ ಹಿರಿಯರು, "ಅದೂ ಸರಿ ಬಿಡಿ, ಮನೆ ಬಿಟ್ಟೋರನ್ನೆಲ್ಲ ನಾವು ಕಂಡಿಲ್ವಾ" ಎನ್ನುತ್ತಿದ್ದರು. ಅವರಿಗೆ ಎರಡೂ ಕಡೆ ಸಮಾಧಾನ.

ಈಗ ಉಳಿದದ್ದು ಮಾತು ಕೊಡುವುದು. "ಇದರಂತೆ ನಡೆಯುತ್ತೇನೆ" ಎನ್ನಲು ಕಾಂತಮ್ಮ ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು. ಟೀಕಾಕಾರರು ಮನೆಯಲ್ಲಿರಲು ಬಿಟ್ಟಿದ್ದರು, ನಿಜ. ಆದರೆ ಅದರ ಬದಲಿಗೆ ಕೇಳಿದ್ದೇನು? ತನ್ನವರು, ಹೊರಗಿನವರು ಎಂಬ ಭೇದ ಬೇಡ. ಕಾಡಿಗೆ ಹೋಗುವುದೇ ಇದಕ್ಕಿಂತ ಸುಲಭ. ಇಷ್ಟು ದಿನ ಧನುಶ್ರೀ ಅಜ್ಜಿಯ ಮಂಡಿಗೆ ತಾಗಿಕೊಂಡೇ ಕೂರುತ್ತಿದ್ದಳು. ಮೊದಲ ಪ್ರಶ್ನೆ ಅವಳಿಗೆ, ತಪ್ಪಿದರೆ ಎರಡನೇ ಅವಕಾಶವೂ ಅವಳಿಗೇ. ಲೈನ್ ಮನೆಯ ಹುಡುಗಿ ಕಾವ್ಯಶ್ರೀ ಮೂಲೆಯಲ್ಲಿ ಕೈ ಎತ್ತಿಕೊಂಡೇ ಇರುತ್ತಿದ್ದುದು ಈಗ ನೆನಪಾಯಿತು. ಅವಳ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕಾಂತಮ್ಮನಿಗೆ ಮುಖ ಬಿಸಿಯಾಯಿತು. ಸುಳ್ಳು ಮಾತು ಕೊಡಲಾರಳು, ಪಾಠಶಾಲೆ ಬಿಡಲಾರಳು.

"ಇದರಂತೆ ನಡೀತೀನಿ" ಎಂದಳು ಕೊನೆಗೆ. "ನಡೆದಿಲ್ಲ ಇಲ್ಲೀವರೆಗೆ. ಇನ್ಮೇಲೆ ನಡೀತೀನಿ. ನನ್ನ ಮೊಮ್ಮಗಳು ಇವತ್ತಿನಿಂದ ಎಲ್ಲರಿಗಿಂತ ಹಿಂದೆ ಕೂರ್ತಾಳೆ."

ಧನುಶ್ರೀಯ ತುಟಿ ಕೆಳಗಾಯಿತು. ಶರ್ಮಿಳಾ ಎದ್ದು ನಿಂತೇಬಿಟ್ಟಳು. ಅಷ್ಟರಲ್ಲಿ ಮೇಷ್ಟ್ರು ಕೋಲು ನೆಲಕ್ಕೆ ಕುಟ್ಟಿದರು.

"ಹಿಂದೆ ಯಾಕಮ್ಮ? ನಿನ್ನ ಮೊಮ್ಮಗಳು ಅಂತ ತಾನೇ ಹಿಂದಕ್ಕೆ ತಳ್ತಿರೋದು? ಅದೂ ಭೇದಾನೇ. ಎಲ್ಲಿ ಜಾಗ ಇದೆಯೋ ಅಲ್ಲಿ ಕೂತ್ಕೊಳ್ಲಿ."

ಕಾಂತಮ್ಮ ಮೇಷ್ಟ್ರನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಆಮೇಲೆ ಮಕ್ಕಳೆಲ್ಲ ಗುಂಪಾಗಿ ನಿಂತಿದ್ದ ಕಡೆ ತಿರುಗಿದಳು. "ಬನ್ನಿ, ಎಲ್ಲಿ ಜಾಗ ಇದೆಯೋ ಅಲ್ಲಿ ಕೂತ್ಕೊಳ್ಳಿ" ಎಂದಳು. ಮಕ್ಕಳಿಗೆ ಎರಡನೇ ಸಲ ಹೇಳಬೇಕೇ? ಒಬ್ಬರ ಮೇಲೊಬ್ಬರು ಬಿದ್ದು ಚಾಪೆ ಹಿಡಿದರು. ಮೂಲೆಯ ಕಾವ್ಯಶ್ರೀ ಮುಂದಿನ ಸಾಲಿನಲ್ಲಿದ್ದಳು, ಧನುಶ್ರೀ ಎಲ್ಲೋ ನಡುವೆ, ಬೇಕರಿಯವರ ಹುಡುಗಿಯ ಜೊತೆ ಜಾಗಕ್ಕೆ ಜಗಳವಾಡುತ್ತಾ ಮುಖ ಊದಿಸಿಕೊಂಡಿದ್ದಳು. ಕಾಂತಮ್ಮನ ಕೈ ಅಭ್ಯಾಸದಿಂದ ತನ್ನ ಮಂಡಿಯ ಪಕ್ಕವನ್ನು ತಡವಿತು, ಅಲ್ಲಿ ಬರೀ ಚಾಪೆ ಇತ್ತು. ಎದೆಯೊಳಗೆ ಸಣ್ಣಗೆ ಚುಚ್ಚಿತು. ಅವಳು ಆ ನೋವನ್ನು ಹಾಗೆಯೇ ಇರಲು ಬಿಟ್ಟು, ಕೈ ಎತ್ತಿದವರಲ್ಲಿ ಯಾರು ಮೊದಲು ಎತ್ತಿದರು ಎಂದು ನೋಡಿ, ಆ ಮಗುವಿನ ಹೆಸರು ಕರೆದಳು.